ಗೋಕುಲ ರಸ್ತೆಯ ಕೌಂಟರು, ಗುಡಗೇರಿಯ ಅಭ್ಯರ್ಥಿ: ವಿಮಾನಯಾನ ಸಂದರ್ಶನಗಳು ಅಳೆಯುವುದೇನನ್ನು?

ಗುಡಗೇರಿ, ಸಂಶಿ, ಕುಂದಗೋಳದ ಕಡೆಯಿಂದ ರೈಲು ಹಿಡಿದು ಹುಬ್ಬಳ್ಳಿಯ ಕಾಲೇಜುಗಳಿಗೆ ಹೋಗಿಬರುವ ಹುಡುಗ ಹುಡುಗಿಯರಿಗೆ ವಿಮಾನ ನಿಲ್ದಾಣದ ನೌಕರಿ ಈಗ ದೂರದ ಮಾತಲ್ಲ. ಗೋಕುಲ ರಸ್ತೆಯ ನಿಲ್ದಾಣಕ್ಕೆ 2017ರ ಡಿಸೆಂಬರ್‌ನಲ್ಲಿ ಹೊಸ ಟರ್ಮಿನಲ್ ಬಂತು. 2018ರಲ್ಲಿ ಇಂಡಿಗೊ ಬಂತು, 2019ರಲ್ಲಿ ಸ್ಟಾರ್ ಏರ್ ಬಂತು. ವಿಮಾನಗಳ ಜೊತೆಗೇ ಚೆಕ್-ಇನ್ ಕೌಂಟರು, ಬೋರ್ಡಿಂಗ್ ಗೇಟು, ಲಗೇಜು, ಗಾಲಿಕುರ್ಚಿ ನೋಡಿಕೊಳ್ಳುವ ಗ್ರೌಂಡ್ ಸ್ಟಾಫ್ ಕೆಲಸಗಳೂ ಬಂದವು. ಗಗನಸಖಿಯಾಗುವ ಆಸೆಯುಳ್ಳವರು ಬೆಂಗಳೂರಿಗೋ ಮುಂಬೈಗೋ ಹೋಗಿ ವಾಕ್-ಇನ್ ಸಂದರ್ಶನದ ಸಾಲಿನಲ್ಲಿ ನಿಲ್ಲುತ್ತಾರೆ.

ಈ ಸಂದರ್ಶನಗಳ ಬಗ್ಗೆ ನಮ್ಮ ಊರುಗಳಲ್ಲಿ ಗಟ್ಟಿಯಾಗಿ ಕೂತಿರುವ ನಂಬಿಕೆ ಒಂದೇ: ಬಣ್ಣ ಬೇಕು, ಎತ್ತರ ಬೇಕು, ಇಂಗ್ಲಿಷ್ ಬೇಕು. ಎತ್ತರದ ಮಾತು ಅರ್ಧ ನಿಜ. ಇಂಗ್ಲಿಷಿನದು ಕಾಲುಭಾಗ ನಿಜ. ಬಣ್ಣದ್ದು ನಿಯಮದ ಪುಸ್ತಕದಲ್ಲೇ ಇಲ್ಲ. ಚೆನ್ನಾಗಿ ಓದಿದ, ಚೆನ್ನಾಗಿ ಉಟ್ಟುಬಂದ ಅಭ್ಯರ್ಥಿಗಳು ಎಡವುವ ಜಾಗ ಬೇರೆ. ಸಿಟ್ಟಿಗೆದ್ದ ಪ್ರಯಾಣಿಕ ಎದುರಿಗೆ ನಿಂತಾಗ ಯಾವ ಮಾತನ್ನು ಮೊದಲು ಆಡಬೇಕು, ಯಾವುದನ್ನು ಆಮೇಲೆ, ಯಾವುದನ್ನು ಆಡಲೇಬಾರದು, ಯಾವ ವಿಷಯವನ್ನು ಮೇಲಿನವರಿಗೆ ಮುಟ್ಟಿಸಬೇಕು ಎಂಬ ಕ್ರಮ ಅವರಿಗೆ ತಿಳಿದಿರುವುದಿಲ್ಲ. ಈ ಲೇಖನದ ಬಹುಭಾಗ ಆ ಕ್ರಮದ ಬಗ್ಗೆಯೇ ಇದೆ. ಅದಕ್ಕೂ ಮೊದಲು ಅಚ್ಚುಕಟ್ಟಿನ ಮಾತು ಮುಗಿಸಬೇಕು. ಸಂದರ್ಶನದ ಬಾಗಿಲಲ್ಲಿ ಮೊದಲು ನೋಡುವುದು ಅದನ್ನೇ.

ಗ್ರೂಮಿಂಗ್ ಎಂದರೆ ಮೇಕಪ್ ಎಂದುಕೊಂಡವರೇ ಹೆಚ್ಚು. ವಿಮಾನದಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಸುರಕ್ಷತೆಗೆ ಸೇರಿದ್ದು. ಕೂದಲನ್ನು ತುರುಬು ಕಟ್ಟಿ ಜಾಲರಿಯೊಳಗೆ ಸೇರಿಸಲು ಹೇಳುವುದೇಕೆ? ಬೆಂಕಿ ಆರಿಸುವಾಗ, ಹೊಗೆಯಿಂದ ರಕ್ಷಿಸುವ ಮುಸುಕು ಹಾಕಿಕೊಳ್ಳುವಾಗ ಸಡಿಲ ಜಡೆ ಅಡ್ಡ ಬರುತ್ತದೆ. ಜೋತಾಡುವ ಕಿವಿಯೋಲೆ ಬೇಡ ಎನ್ನುವುದೇಕೆ? ಗಾಬರಿಗೊಂಡ ಪ್ರಯಾಣಿಕನ ಕೈಗೆ ಅದು ಸಿಕ್ಕಿಕೊಳ್ಳುತ್ತದೆ. ಉದ್ದನೆಯ ಉಗುರು ಸೀಟ್ ಬೆಲ್ಟ್ ಬಿಡಿಸುವಾಗ ಮುರಿಯುತ್ತದೆ, ಗಾಳಿ ತುಂಬಿದ ಜೀವರಕ್ಷಕ ಅಂಗಿಗೆ ತಾಗುತ್ತದೆ. ತುರ್ತು ಸಂದರ್ಭದಲ್ಲಿ ರಬ್ಬರಿನ ಜಾರುಬಂಡೆಯ ಮೇಲೆ ಇಳಿಯುವ ಮೊದಲು ಎತ್ತರದ ಹಿಮ್ಮಡಿಯ ಚಪ್ಪಲಿ ತೆಗೆಯಿರಿ ಎಂದು ಸಿಬ್ಬಂದಿಯೇ ಕೂಗಿ ಹೇಳಬೇಕು, ಅದು ಚುಚ್ಚಿದರೆ ಜಾರುಬಂಡೆ ಹರಿಯುತ್ತದೆ. ಗ್ರೌಂಡ್ ಸ್ಟಾಫ್‌ಗೂ ಇದೇ ತರ್ಕ. ಏರೋಬ್ರಿಡ್ಜ್ ಇಲ್ಲದ ಸಣ್ಣ ನಿಲ್ದಾಣಗಳಲ್ಲಿ ಎಟಿಆರ್ ವಿಮಾನದ ತನಕ ಪ್ರಯಾಣಿಕರನ್ನು ನಡೆಸಿಕೊಂಡು ಹೋಗಬೇಕಾಗುತ್ತದೆ. ಅಲ್ಲಿ ಹಾರಿಹೋಗುವ ಒಂದು ದುಪಟ್ಟಾ, ಕಳಚಿಬೀಳುವ ಒಂದು ಹೇರ್ ಕ್ಲಿಪ್ ಎಂಜಿನ್ನಿಗೆ ಅಪಾಯ. ಲಗೇಜಿನ ಬೆಲ್ಟ್ ಹತ್ತಿರ ಕೆಲಸ ಮಾಡುವಾಗ ಕೊರಳಲ್ಲಿನ ಗುರುತುಪತ್ರದ ದಾರ ಸಿಕ್ಕಿಕೊಂಡರೆ ತಾನಾಗಿ ಬಿಚ್ಚಿಕೊಳ್ಳುವಂತಿರಬೇಕು.

ಈ ಕಾರಣಗಳು ಗೊತ್ತಿರುವ ಅಭ್ಯರ್ಥಿಯ ಉತ್ತರವೇ ಬೇರೆ ಥರ ಇರುತ್ತದೆ. "ಸಮವಸ್ತ್ರ ಏಕೆ ಮುಖ್ಯ?" ಎಂದು ಕೇಳಿದರೆ "ಚೆಂದ ಕಾಣಬೇಕಲ್ಲ ಸರ್" ಎನ್ನುವವರು ಹತ್ತು ಮಂದಿ ಸಿಗುತ್ತಾರೆ. "ತುರ್ತು ಸಮಯದಲ್ಲಿ ಜನ ಯಾರ ಮಾತು ಕೇಳಬೇಕು ಅನ್ನೋದು ಒಂದೇ ನೋಟಕ್ಕೆ ತಿಳೀಬೇಕು" ಎನ್ನುವವರು ಒಬ್ಬರೋ ಇಬ್ಬರೋ.

ಎತ್ತರದ ಲೆಕ್ಕವೂ ಹೀಗೆಯೇ. ಎಮಿರೇಟ್ಸ್ ಸಂಸ್ಥೆ ಕನಿಷ್ಠ 160 ಸೆಂಟಿಮೀಟರ್ ಎತ್ತರ ಕೇಳುತ್ತದೆ, ಜೊತೆಗೆ ತುದಿಗಾಲಲ್ಲಿ ನಿಂತು ಕೈ ಎತ್ತಿದಾಗ ಬೆರಳು 212 ಸೆಂಟಿಮೀಟರ್ ಮುಟ್ಟಬೇಕು. ತುರ್ತು ಸಾಮಗ್ರಿ ತಲೆಯ ಮೇಲಿನ ಪೆಟ್ಟಿಗೆಗಳಲ್ಲಿ ಇರುತ್ತದೆ, ಅದಕ್ಕೆ ಕೈ ಎಟುಕಬೇಕು. ಭಾರತೀಯ ಸಂಸ್ಥೆಗಳ ಅಳತೆ ಹೆಚ್ಚುಕಡಿಮೆ ಆಗುತ್ತಿರುತ್ತದೆ, ಅದನ್ನು ಆಯಾ ಪ್ರಕಟಣೆಯಲ್ಲೇ ನೋಡಬೇಕು. ಮನೆಯ ಗೋಡೆಗೆ ಟೇಪು ಹಿಡಿದು ಗುರುತು ಹಾಕಿ ನೋಡಿಕೊಂಡರೆ ಬೆಂಗಳೂರಿನ ತನಕದ ರೈಲು ಚಾರ್ಜು ಉಳಿದೀತು. ಗ್ರೌಂಡ್ ಸ್ಟಾಫ್ ಕೆಲಸಕ್ಕೆ ಈ ಎಟುಕಿನ ಅಳತೆ ಬೇಕಿಲ್ಲ. ಎತ್ತರ ಕಡಿಮೆ ಎಂದು ಇಡೀ ಕ್ಷೇತ್ರವನ್ನೇ ಬಿಟ್ಟುಕೊಡುವುದು ತಪ್ಪು.

ಆದರೆ ಸುರಕ್ಷತೆಯ ಹೆಸರಿನಲ್ಲಿ ಎಲ್ಲವನ್ನೂ ಸಮರ್ಥಿಸಲಾಗದು. ಏರ್ ಇಂಡಿಯಾದಲ್ಲಿ ಗಗನಸಖಿಯರು ಕೆಲಸಕ್ಕೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾಗಬಾರದು, ಮೊದಲ ಬಸಿರಿಗೇ ಕೆಲಸ ಬಿಡಬೇಕು, 35ಕ್ಕೆ ನಿವೃತ್ತಿ ಎಂಬ ನಿಯಮಗಳಿದ್ದವು. 1981ರಲ್ಲಿ ನರ್ಗೇಶ್ ಮಿರ್ಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಸಿರಿನ ನಿಯಮವನ್ನು ರದ್ದು ಮಾಡಿತು. ಮದುವೆಯ ನಿಯಮವನ್ನು ಮಾತ್ರ ಉಳಿಸಿತು. ಬಸಿರಾದಳೆಂದು ಕೆಲಸದಿಂದ ತೆಗೆಯುವುದು ಭಾರತದ ಹೆಣ್ತನಕ್ಕೇ ಅವಮಾನ ಎಂಬರ್ಥದ ಕಟುವಾದ ಮಾತು ಆ ತೀರ್ಪಿನಲ್ಲಿದೆ. ನಲವತ್ತು ವರ್ಷ ಕಳೆದರೂ ರೂಪದ ಗೀಳು ಪೂರ್ತಿ ಹೋಗಿಲ್ಲ. 2022ರಲ್ಲಿ ಅದೇ ಸಂಸ್ಥೆಯ ಹೊಸ ಕೈಪಿಡಿ ನರೆಗೂದಲಿಗೆ ಬಣ್ಣ ಹಚ್ಚಬೇಕು, ಬಕ್ಕತಲೆ ಮೂಡಿದ ಗಂಡಸರು ತಲೆ ಬೋಳಿಸಿಕೊಳ್ಳಬೇಕು, ಕೈಗೆ ಕೊರಳಿಗೆ ಕಪ್ಪು ದಾರ, ದೇವರ ದಾರ ಕಟ್ಟಬಾರದು ಎಂದು ಹೇಳಿದ್ದು ಸುದ್ದಿಯಾಯಿತು. ಬಿಳಿಗೂದಲಿಗೂ ಸುರಕ್ಷತೆಗೂ ಯಾವ ಸಂಬಂಧವೂ ಇಲ್ಲ. ಇದು ಬದಲಾಗಬೇಕಾದ ಪದ್ಧತಿ ಎಂದು ನಾನು ನಂಬುತ್ತೇನೆ. ಇಂಗ್ಲೆಂಡಿನ ವರ್ಜಿನ್ ಅಟ್ಲಾಂಟಿಕ್ 2019ರಲ್ಲಿ ಮೇಕಪ್ ಕಡ್ಡಾಯವನ್ನು ಕೈಬಿಟ್ಟಿತು, ಅದರಿಂದ ವಿಮಾನವೇನೂ ನಿಲ್ಲಲಿಲ್ಲ. ನಮ್ಮ ಕಡೆಯ ಅಭ್ಯರ್ಥಿಗೆ ಸದ್ಯಕ್ಕೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ಜಾತ್ರೆಯಲ್ಲಿ ಕಟ್ಟಿಸಿಕೊಂಡ ದಾರ, ಕೈ ಮೇಲಿನ ಹಚ್ಚೆ ಇವುಗಳ ಬಗ್ಗೆ ಸಂಸ್ಥೆ ಏನನ್ನುತ್ತದೆ ಎಂದು ಮೊದಲೇ ಓದಿಕೊಳ್ಳಬೇಕು. ಸಮವಸ್ತ್ರದಲ್ಲಿ ಕಾಣುವ ಹಚ್ಚೆಗೆ ಬಹುತೇಕ ಕಡೆ ಬಾಗಿಲಲ್ಲೇ ತಡೆ.

ಎರಿ ಮಣ್ಣಿನ ಹಾದಿ ದಾಟಿ, ತುಂಬಿದ ರೈಲಿನಲ್ಲಿ ನಿಂತು ಬರುವವರು ಸಂದರ್ಶನದ ಬಟ್ಟೆಯನ್ನು ಊರಿನಿಂದಲೇ ಉಟ್ಟುಬರಬಾರದು. ಇಸ್ತ್ರಿ ಮಾಡಿದ ಅಂಗಿಯನ್ನೂ ಒರೆಸಿದ ಬೂಟನ್ನೂ ಚೀಲದಲ್ಲಿ ತಂದು ರೈಲು ನಿಲ್ದಾಣದ ವಿಶ್ರಾಂತಿ ಕೋಣೆಯಲ್ಲಿ ಬದಲಿಸಿಕೊಳ್ಳುವುದು ಒಳ್ಳೆಯದು.

ಇನ್ನು ಸಂದರ್ಭ ನಿಭಾಯಿಸುವ ಪ್ರಶ್ನೆಗಳಿಗೆ ಬರೋಣ. ಸ್ವಪರಿಚಯ, ಗುಂಪು ಚರ್ಚೆ, ಒಂದು ಪ್ರಕಟಣೆಯನ್ನು ಗಟ್ಟಿಯಾಗಿ ಓದುವುದು ಇವೆಲ್ಲ ಮುಗಿದ ಮೇಲೆ ಸಂದರ್ಶಕರು ಒಂದು ಸನ್ನಿವೇಶ ಕೊಟ್ಟು, ತಾವೇ ಪ್ರಯಾಣಿಕರಾಗಿ ಎದುರು ಕೂರುತ್ತಾರೆ. ನಮ್ಮ ನೆಲಕ್ಕೆ ಹೊಂದುವ ಒಂದು ಸನ್ನಿವೇಶವನ್ನು ಪೂರ್ತಿ ಬಿಡಿಸಿ ನೋಡೋಣ.

ಹುಬ್ಬಳ್ಳಿಯಿಂದ ಮಗಳ ಮನೆಗೆ ಹೊರಟ ಒಬ್ಬ ಅಜ್ಜಿ. ಜೊತೆಗೆ ಬೀಳ್ಕೊಡಲು ಬಂದ ಮಗ. ಮಗಳು ಬಾಣಂತಿ. ಚೀಲ ತೂಗಿದರೆ 17 ಕಿಲೊ, ದೇಶೀಯ ಟಿಕೆಟಿಗೆ ಸಾಮಾನ್ಯವಾಗಿ ಇರುವ ಮಿತಿ 15 ಕಿಲೊ. ಒಳಗೆ ಅಂಟಿನುಂಡಿ ಮಾಡಲು ಕಟ್ಟಿದ ಎರಡೂವರೆ ಕಿಲೊ ಒಣಕೊಬ್ಬರಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಮ್ಮಗ ಇಟ್ಟ ಒಂದು ಪವರ್ ಬ್ಯಾಂಕು. ಕೌಂಟರು ಮುಚ್ಚಲು ಹತ್ತು ನಿಮಿಷ ಉಳಿದಿದೆ, ಹಿಂದೆ ಆರು ಜನ ನಿಂತಿದ್ದಾರೆ.

ಹೆಚ್ಚಿನ ಅಭ್ಯರ್ಥಿಗಳು ತೂಕದಿಂದ ಶುರುಮಾಡುತ್ತಾರೆ: "ಎರಡು ಕಿಲೊ ಜಾಸ್ತಿ ಇದೆ, ಹಣ ಕಟ್ಟಬೇಕು." ಮಗ ಸಿಟ್ಟಿಗೇಳುತ್ತಾನೆ. ವಾದ ಮುಗಿದು ಹಣ ಕಟ್ಟಿಸಿಕೊಂಡ ಮೇಲೆ ಕೊಬ್ಬರಿಯ ವಿಷಯ ಹೊರಬರುತ್ತದೆ. ಈಗ ಅದನ್ನು ತೆಗೆಸಬೇಕು, ತೆಗೆದರೆ ತೂಕ ಇಳಿಯುತ್ತದೆ, ಕಟ್ಟಿದ ಹಣ ವಾಪಸು ಕೊಡಬೇಕು. ಕೌಂಟರಿನಲ್ಲಿ ಜಗಳ ಹುಟ್ಟುವುದು ಹೀಗೆ.

ಕೆಲಸ ಬಲ್ಲವರು ಒಳಗಿನ ಸಾಮಾನಿನಿಂದ ಶುರುಮಾಡುತ್ತಾರೆ.

"ಬರ್ರಿ ಅಮ್ಮಾರ. ಚೀಲದಾಗ ಒಣಕೊಬ್ಬರಿ, ಲೈಟರ್, ಪವರ್ ಬ್ಯಾಂಕ್ ಏನರ ಇಟ್ಟೀರೇನ್ರಿ?"

"ಕೊಬ್ಬರಿ ಐತಿ ನೋಡವಾ. ಮಗಳು ಹಡದಾಳ, ಅಂಟಿನುಂಡಿ ಮಾಡಾಕ."

"ಛಲೋ ಆತ್ರಿ, ಆರಾಮ ಅದಾರಲ್ರಿ ಇಬ್ಬರೂ? ಅಮ್ಮಾರ, ಒಣಕೊಬ್ಬರ್ಯಾಗ ಎಣ್ಣಿ ಇರ್ತದ, ಒತ್ತಿ ಕಟ್ಟಿದ್ರ ತಾನ ಕಾವು ಹಿಡೀತದ. ಅದಕ್ಕ ವಿಮಾನದಾಗ ಒಯ್ಯಾಕ ಬರೂದಿಲ್ರಿ. ಅಣ್ಣಾರು ಇಲ್ಲೇ ಅದಾರ, ಅವರ ಕೈಯಾಗ ಕೊಡ್ರಿ. ಪವರ್ ಬ್ಯಾಂಕ್ ಕೈಚೀಲದಾಗ ಇಟ್ಕೋರಿ. ರೊಟ್ಟಿ, ಚಟ್ನಿ ಹಂಗ ಇರಲಿ."

ಕೊಬ್ಬರಿ ಹೊರಬಂದ ಕೂಡಲೇ ಚೀಲ 14.5 ಕಿಲೊಗೆ ಇಳಿಯಿತು. ಹಣದ ಮಾತೇ ಏಳಲಿಲ್ಲ. ಎರಡು ತೊಡಕುಗಳನ್ನು ಒಂದೇ ಪ್ರಶ್ನೆ ಬಿಡಿಸಿತು, ಕಾರಣ ಅದು ಸರಿಯಾದ ಜಾಗದಲ್ಲಿ ಬಂತು.

ಇಲ್ಲಿ ಹೇಳಿದ ಕಾರಣ ಬರೀ ಸಮಾಧಾನದ ಮಾತಲ್ಲ. ಒಣಕೊಬ್ಬರಿ ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ 1363ನೇ ಸಂಖ್ಯೆಯಡಿ, ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗದಲ್ಲಿದೆ. ಹಸಿ ತೆಂಗಿನಕಾಯಿಯ ಲೆಕ್ಕ ಬೇರೆ. ಶಬರಿಮಲೆ ಯಾತ್ರಿಗಳ ಇರುಮುಡಿಯಲ್ಲಿನ ಕಾಯಿಯನ್ನು ಕೈಚೀಲದಲ್ಲಿ ಒಯ್ಯಲು 2024ರ ಯಾತ್ರಾಕಾಲಕ್ಕೆ ಕೇಂದ್ರ ಸರ್ಕಾರ ವಿಶೇಷ ಅನುಮತಿ ಕೊಟ್ಟಿತ್ತು. ಪವರ್ ಬ್ಯಾಂಕಿನ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಮೇಲೆ ಸಿಬ್ಬಂದಿಯ ಕೈಗೆ ಸಿಗುತ್ತದೆ, ಕೆಳಗಿನ ಸರಕಿನ ಕೋಣೆಯಲ್ಲಿ ಸಿಗುವುದಿಲ್ಲ. ಅದಕ್ಕೇ ಅದು ಕೈಚೀಲಕ್ಕೆ ಹೋಗಬೇಕು.

ಸಂದರ್ಶಕರು ಇಷ್ಟಕ್ಕೇ ಬಿಡುವುದಿಲ್ಲ. ಮಗನ ಪಾತ್ರದಲ್ಲಿ ದನಿ ಏರಿಸುತ್ತಾರೆ: "ಹೋದ ತಿಂಗಳ ಒಯ್ದೇವಿ, ಯಾರೂ ಏನೂ ಅನ್ಲಿಲ್ಲ. ನೀ ಒಬ್ಬಾಕಿನ ಭಾಳ ಶಾಣ್ಯಾಕೇನು?" ಇಲ್ಲಿ ಮೂರು ಬಗೆಯ ಸೋಲು ಕಾಣುತ್ತದೆ. ಒಬ್ಬರು ನಿಯಮದ ಸಂಖ್ಯೆ ಒಪ್ಪಿಸಿ ಗೆಲ್ಲಲು ನೋಡುತ್ತಾರೆ. ಇನ್ನೊಬ್ಬರು ಹೆದರಿ "ಇದೊಂದು ಸಲ ಇರಲಿ" ಎನ್ನುತ್ತಾರೆ. ಮೂರನೆಯವರು ತಕ್ಷಣ "ಸೂಪರ್‌ವೈಸರ್‌ನ ಕರೀತೀನಿ" ಎಂದು ಕೈ ತೊಳೆದುಕೊಳ್ಳುತ್ತಾರೆ. ಎರಡನೆಯದೇ ಎಲ್ಲಕ್ಕಿಂತ ಕೆಟ್ಟದ್ದು. ಕೊಬ್ಬರಿಯನ್ನು ತಪಾಸಣೆಯ ಯಂತ್ರ ಹಿಡಿಯುತ್ತದೆ. ಆಗ ಚೀಲ ಬೇರೆ ತೆಗೆದಿಟ್ಟು, ಗೇಟಿನ ಬಳಿ ಕೂತ ಅಜ್ಜಿಯನ್ನು ಹೆಸರು ಕೂಗಿ ಕರೆಸಿ, ನೂರು ಜನರ ಮುಂದೆ ಬಿಚ್ಚಿಸಬೇಕಾಗುತ್ತದೆ. ಕರುಣೆ ಎಂದುಕೊಂಡು ಮಾಡಿದ್ದು ಆಕೆಯ ಮರ್ಯಾದೆಯನ್ನೇ ಕಳೆಯುತ್ತದೆ. ಸರಿಯಾದ ಉತ್ತರ ಚಿಕ್ಕದು: ಹೋದ ತಿಂಗಳ ವಾದಕ್ಕೆ ಇಳಿಯದೆ, ಕಾರಣವನ್ನು ಇನ್ನೊಮ್ಮೆ ಮೊದಲಿಗಿಂತ ಮೆಲ್ಲನೆ ಹೇಳಿ, ಆಗುವ ಕೆಲಸದ ಕಡೆಗೆ ಮಾತು ತಿರುಗಿಸುವುದು. "ನಿಮ್ಮ ಅವ್ವಾರನ್ನ ವ್ಯಾಳ್ಯಾಕ್ಕ ಸರಿಯಾಗಿ ಹತ್ತಸ್ತೀನ್ರಿ, ಗಾಲಿಕುರ್ಚಿ ಬೇಕಾದ್ರ ಈಗ ಹೇಳ್ರಿ." ಮೇಲಿನವರನ್ನು ಕರೆಯುವುದು ತಪ್ಪಲ್ಲ. ಕೈ ಎತ್ತಿದರೆ, ಬೆದರಿಸಿದರೆ, ತನ್ನ ಅಧಿಕಾರ ಮೀರಿದ ವಿನಾಯಿತಿ ಕೇಳಿದರೆ ಕರೆಯಲೇಬೇಕು. ಮೊದಲ ಗಟ್ಟಿ ಮಾತಿಗೇ ಕರೆದರೆ ಮಾತ್ರ ಈ ಅಭ್ಯರ್ಥಿ ಒಂಟಿಯಾಗಿ ಕೌಂಟರು ನಡೆಸಲಾರಳು ಎಂದು ಲೆಕ್ಕ ಹಾಕುತ್ತಾರೆ.

ಈ ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೇಶವೇ ನೋಡಿದ ಒಂದು ಪ್ರಕರಣವಿದೆ. 2022ರ ಮೇ 7ರಂದು ರಾಂಚಿ ವಿಮಾನ ನಿಲ್ದಾಣದಲ್ಲಿ ಹೈದರಾಬಾದಿಗೆ ಹೊರಟಿದ್ದ ಒಂದು ಕುಟುಂಬದ ವಿಶೇಷಚೇತನ ಬಾಲಕ ಗಾಬರಿಗೊಂಡಿದ್ದ. ಮಗು ಶಾಂತವಾಗದಿದ್ದರೆ ಇತರ ಪ್ರಯಾಣಿಕರಿಗೆ ಅಪಾಯ ಎಂಬ ನಿಲುವಿಗೆ ಇಂಡಿಗೊ ಸಿಬ್ಬಂದಿ ಬಂದರು. ತಂದೆತಾಯಿ ಸಮಾಧಾನ ಮಾಡುತ್ತಿದ್ದರು. ಸಹಪ್ರಯಾಣಿಕರು ಮಗುವಿನ ಪರವಾಗಿ ನಿಂತರು, ಅವರಲ್ಲಿದ್ದ ವೈದ್ಯರು ನೆರವಾಗುತ್ತೇವೆ ಎಂದರು. ಆದರೂ ಹತ್ತಿಸಲಿಲ್ಲ, ಕುಟುಂಬ ಅಲ್ಲೇ ಉಳಿಯಿತು. ಸಹಪ್ರಯಾಣಿಕರೊಬ್ಬರು ಬರೆದದ್ದು ದೇಶದಾದ್ಯಂತ ಹರಡಿದ ಮೇಲೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ವಿಚಾರಣೆ ನಡೆಸಿ, ಅದೇ ತಿಂಗಳ 28ರಂದು ಸಂಸ್ಥೆಗೆ 5 ಲಕ್ಷ ರೂಪಾಯಿ ದಂಡ ಹಾಕಿತು. ಸಿಬ್ಬಂದಿಯ ನಡೆ ಪರಿಸ್ಥಿತಿಯನ್ನು ಇನ್ನಷ್ಟು ಕೆಡಿಸಿತು, ಅನುಕಂಪದಿಂದ ನಡೆದುಕೊಂಡಿದ್ದರೆ ಮಗು ಶಾಂತವಾಗುತ್ತಿತ್ತು, ಹತ್ತಿಸದಿರುವ ಹೆಜ್ಜೆಯೇ ಬೇಕಾಗುತ್ತಿರಲಿಲ್ಲ ಎಂಬುದು ಅದರ ತೀರ್ಮಾನದ ಸಾರ.

ಇದನ್ನು ಸಂದರ್ಶನದ ಕಣ್ಣಿನಿಂದ ನೋಡಿದರೆ ತಪ್ಪು ಸ್ಪಷ್ಟವಾಗುತ್ತದೆ. ಸಿಬ್ಬಂದಿಗೆ ಸುರಕ್ಷತೆಯ ನಿಯಮ ಗೊತ್ತಿತ್ತು. ಗೊತ್ತಿಲ್ಲದ್ದು ಹೆದರಿದ ಪ್ರಯಾಣಿಕನಿಗೂ ಪುಂಡಾಟದ ಪ್ರಯಾಣಿಕನಿಗೂ ಇರುವ ವ್ಯತ್ಯಾಸ. ಹೆದರಿದ ಮಗುವಿಗೆ ಬೇಕಿದ್ದುದು ಗದ್ದಲವಿಲ್ಲದ ಒಂದು ಮೂಲೆ, ಸ್ವಲ್ಪ ನೀರು, ಸುತ್ತಲಿನ ಗುಂಪು ಕರಗುವುದು, ಎಲ್ಲರಿಗಿಂತ ಮೊದಲು ಅಥವಾ ಕೊನೆಗೆ ಹತ್ತಿಸುವ ಭರವಸೆ. ಆರೋಗ್ಯದ ಬಗ್ಗೆ ಅನುಮಾನವಿದ್ದರೆ ತೀರ್ಮಾನ ಹೇಳಬೇಕಾದವರು ವೈದ್ಯರು, ಕೌಂಟರಿನ ನೌಕರರಲ್ಲ. ಆ ವರ್ಷದ ಜುಲೈನಲ್ಲಿ ಡಿಜಿಸಿಎ ನಿಯಮವನ್ನೇ ತಿದ್ದಿತು: ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ನಿರಾಕರಿಸುವಂತಿಲ್ಲ, ಪ್ರಯಾಣಿಕನ ಆರೋಗ್ಯ ಹಾರಾಟದಲ್ಲಿ ಕೆಡಬಹುದು ಎನಿಸಿದರೆ ನಿಲ್ದಾಣದ ವೈದ್ಯರಿಂದ ಪರೀಕ್ಷೆ ಮಾಡಿಸಿ ಅವರ ಅಭಿಪ್ರಾಯ ಪಡೆಯಬೇಕು. ಗ್ರೌಂಡ್ ಸ್ಟಾಫ್ ಸಂದರ್ಶನಕ್ಕೆ ಹೋಗುವವರು ಬೇರೇನನ್ನು ಓದದಿದ್ದರೂ ಈ ಒಂದು ಪ್ರಕರಣವನ್ನು ಓದಿಕೊಂಡು ಹೋಗಬೇಕೆಂದು ನಾನು ಒತ್ತಿ ಹೇಳುತ್ತೇನೆ.

ರಾಂಚಿಯಲ್ಲಿ ಬಿಗಿ ಹೆಚ್ಚಾಯಿತು. ಅದೇ ವರ್ಷದ ನವೆಂಬರ್ 26ರ ನ್ಯೂಯಾರ್ಕ್–ದೆಹಲಿ ಏರ್ ಇಂಡಿಯಾ ಹಾರಾಟದಲ್ಲಿ ಸಡಿಲ ಹೆಚ್ಚಾಯಿತು. ಕುಡಿದಿದ್ದ ಪ್ರಯಾಣಿಕನೊಬ್ಬ ವಯಸ್ಸಾದ ಮಹಿಳೆಯ ಮೇಲೆ ಮೂತ್ರ ಮಾಡಿದ ಎಂಬ ಆರೋಪ ಬಂತು. ತನಗೆ ಇಷ್ಟವಿಲ್ಲದಿದ್ದರೂ ಸಿಬ್ಬಂದಿ ಆತನನ್ನು ಎದುರಿಗೆ ತಂದು ಕ್ಷಮೆ ಕೇಳಿಸಿದರು ಎಂದು ಆ ಮಹಿಳೆ ದೂರಿದರು. ವಿಮಾನ ಇಳಿದಾಗ ಆತ ಎಲ್ಲರಂತೆ ನಡೆದುಹೋದ. ವಿಷಯ ಡಿಜಿಸಿಎಗೆ ತಿಳಿದದ್ದು ಒಂದು ತಿಂಗಳ ಮೇಲೆ, 2023ರ ಜನವರಿ 4ರಂದು. ಬಳಿಕ ಪೊಲೀಸರು ಆರೋಪಿಯನ್ನು ಬೆಂಗಳೂರಿನಲ್ಲಿ ಬಂಧಿಸಿದರು. ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ಬಿತ್ತು, ವಿಮಾನದ ಮುಖ್ಯ ಪೈಲಟ್‌ನ ಲೈಸೆನ್ಸು ಮೂರು ತಿಂಗಳು ಅಮಾನತಾಯಿತು.

ಸಿಬ್ಬಂದಿ ಕಿರುಚಾಡಿದರು, ಬೈದರು ಎಂಬ ದೂರು ಇದಲ್ಲ. ಊರ ಪಂಚಾಯ್ತಿಯಂತೆ ರಾಜಿ ಮಾಡಿಸಲು ಹೋದರು, ಅದೇ ತಪ್ಪಾಯಿತು. ಶಾಂತವಾಗಿರುವುದೆಂದರೆ ವಿಷಯವನ್ನು ಮುಚ್ಚಿ ತಣ್ಣಗಾಗಿಸುವುದಲ್ಲ. ಡಿಜಿಸಿಎ 2017ರಲ್ಲಿ ಹೊರಡಿಸಿದ ನಿಯಮ ದುರ್ವರ್ತನೆಯನ್ನು ಮೂರು ಹಂತವಾಗಿ ನೋಡುತ್ತದೆ. ಬೈಗುಳ, ಅಸಭ್ಯ ಸನ್ನೆ, ಕುಡಿದ ಗಲಾಟೆ ಮೊದಲ ಹಂತ, ಅದಕ್ಕೆ ಮೂರು ತಿಂಗಳವರೆಗೆ ಹಾರಾಟ ನಿಷೇಧ. ತಳ್ಳುವುದು, ಹೊಡೆಯುವುದು, ಲೈಂಗಿಕ ಕಿರುಕುಳ ಎರಡನೆಯದು, ಆರು ತಿಂಗಳವರೆಗೆ. ಕೊಲ್ಲಲೆತ್ನಿಸುವುದು, ಕಾಕ್‌ಪಿಟ್‌ಗೆ ನುಗ್ಗುವುದು ಮೂರನೆಯದು, ಕನಿಷ್ಠ ಎರಡು ವರ್ಷ. ಯಾವ ಹಂತ ಎಂದು ನಿರ್ಧರಿಸುವುದು ಸಂಸ್ಥೆಯ ಆಂತರಿಕ ಸಮಿತಿ, 30 ದಿನದೊಳಗೆ. ಆ ಸಮಿತಿಯ ಕೈಗೆ ಮೊದಲು ಸಿಗುವುದು ಸಿಬ್ಬಂದಿ ಬರೆದ ವರದಿ. ಆದ್ದರಿಂದ "ಕುಡಿದ ಪ್ರಯಾಣಿಕ ಪಕ್ಕದವರಿಗೆ ತೊಂದರೆ ಕೊಟ್ಟರೆ ಏನು ಮಾಡುವೆ?" ಎಂಬ ಪ್ರಶ್ನೆಗೆ "ಸಮಾಧಾನ ಮಾಡುವೆ" ಎಂಬುದು ಉತ್ತರದ ಮೊದಲ ತುಂಡಷ್ಟೇ. ತೊಂದರೆಗೊಳಗಾದವರನ್ನು ಮೊದಲು ಬೇರೆಡೆ ಕೂರಿಸುವೆ, ಆತನಿಗೆ ಮದ್ಯ ನಿಲ್ಲಿಸುವೆ, ಹಿರಿಯ ಸಿಬ್ಬಂದಿಗೂ ಅವರ ಮೂಲಕ ಪೈಲಟ್‌ಗೂ ತಿಳಿಸುವೆ, ಸೀಟಿನ ಸಂಖ್ಯೆ, ಸಮಯ, ಆಡಿದ ಮಾತು, ಕಂಡ ಸಾಕ್ಷಿಗಳನ್ನು ಬರೆದಿಡುವೆ, ಇಳಿದಾಗ ಭದ್ರತೆಯವರು ಬಾಗಿಲಲ್ಲಿರುವಂತೆ ಕೇಳಿಕೊಳ್ಳುವೆ ಎಂದು ಕೊನೆಯವರೆಗೆ ಹೇಳಬೇಕು.

2022ರ ಡಿಸೆಂಬರ್‌ನಲ್ಲಿ ಇಸ್ತಾಂಬುಲ್–ದೆಹಲಿ ಇಂಡಿಗೊ ಹಾರಾಟದ ಒಂದು ವಿಡಿಯೊವನ್ನು ಎಲ್ಲರೂ ನೋಡಿದರು. ಊಟದ ವಿಷಯಕ್ಕೆ ಪ್ರಯಾಣಿಕನೊಬ್ಬ ಸಿಬ್ಬಂದಿಯೊಂದಿಗೆ ಜಗಳವಾಡಿದ. ತನ್ನ ಸಹೋದ್ಯೋಗಿ ನಿಮ್ಮಿಂದಾಗಿ ಅಳುತ್ತಿದ್ದಾಳೆ, ನಾನು ಸಂಸ್ಥೆಯ ನೌಕರಳು, ನಿಮ್ಮ ಆಳಲ್ಲ ಎಂದು ಹಿರಿಯ ಗಗನಸಖಿ ತಿರುಗಿ ಹೇಳಿದಳು. ಆಕೆಯ ಮಾತಿನಲ್ಲಿ ಸತ್ಯವಿತ್ತು, ನನ್ನ ಮನಸ್ಸೂ ಆಕೆಯ ಕಡೆಗೇ ಇದೆ. ಸಂದರ್ಶನದಲ್ಲಿ ಮಾತ್ರ ಇದನ್ನು ಮಾದರಿಯಾಗಿ ಇಟ್ಟುಕೊಳ್ಳಬಾರದು. ಅಳುತ್ತಿದ್ದ ಸಹೋದ್ಯೋಗಿಯನ್ನು ಆ ಸಾಲಿನಿಂದ ಹೊರಗೆ ಕಳಿಸಿ, ಪ್ರಯಾಣಿಕನಿಗೆ "ಈ ದನಿಯಲ್ಲಿ ಮಾತಾಡಿದರೆ ನಾನು ವರದಿ ಮಾಡಬೇಕಾಗುತ್ತದೆ" ಎಂದು ಒಮ್ಮೆ ಎಚ್ಚರಿಸಿ, ಮಾತು ನಿಲ್ಲಿಸುವುದು ಇನ್ನೂ ಬಲವಾದ ಉತ್ತರ. ಮರ್ಯಾದೆಯನ್ನು ಕಾಯುವ ಕೆಲಸ ವರದಿ ಮಾಡುತ್ತದೆ, ವಾದ ಮಾಡುವುದಿಲ್ಲ.

ನೆಲದ ಮೇಲಿನ ಸಿಬ್ಬಂದಿಗೆ ಎಲ್ಲಕ್ಕಿಂತ ಕಷ್ಟದ ದಿನ ಯಾವುದೆಂದರೆ ತಮಗೇ ಏನೂ ಗೊತ್ತಿಲ್ಲದ ದಿನ. 2025ರ ಡಿಸೆಂಬರ್ ಮೊದಲ ವಾರದಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಸಜ್ಜಾಗದ ಇಂಡಿಗೊ ದೇಶದಾದ್ಯಂತ ಸಾವಿರಾರು ಹಾರಾಟ ರದ್ದು ಮಾಡಿತು. ಹುಬ್ಬಳ್ಳಿಯಲ್ಲಿ ಆರತಕ್ಷತೆಗೆ ಬರಬೇಕಿದ್ದ ನವದಂಪತಿ ಭುವನೇಶ್ವರದಲ್ಲೇ ಸಿಕ್ಕಿಕೊಂಡು ವಿಡಿಯೊ ಮೂಲಕ ನೆಂಟರಿಗೆ ಕಾಣಿಸಿಕೊಂಡದ್ದು ಆಗ ಮನೆಮಾತಾಯಿತು. ಅಂಥ ದಿನ ಕೌಂಟರಿನಲ್ಲಿ ನಿಂತವರಿಗೆ ವಿಮಾನ ತರಿಸುವ ಶಕ್ತಿ ಇಲ್ಲ. ಅವರ ಕೈಯಲ್ಲಿರುವುದು ಎರಡೇ: ಸುಳ್ಳು ಸಮಯ ಹೇಳದಿರುವುದು, ಪ್ರಯಾಣಿಕನ ಹಕ್ಕನ್ನು ಕೇಳುವ ಮೊದಲೇ ಹೇಳುವುದು. "ಇನ್ನು ಅರ್ಧ ತಾಸು" ಎಂದು ಮೂರು ಸಲ ಹೇಳಿದವರ ನಾಲ್ಕನೆಯ ಮಾತನ್ನು ಯಾರೂ ನಂಬುವುದಿಲ್ಲ. ಅದರ ಬದಲು "ಹೊರಡುವ ಸಮಯ ಇನ್ನೂ ಬಂದಿಲ್ಲ. ಮೂರೂವರೆಗೆ ಬಂದು ಮತ್ತೆ ತಿಳಿಸುವೆ, ಹೊಸ ಸುದ್ದಿ ಇರಲಿ ಬಿಡಲಿ" ಎಂದು ಹೇಳಿ, ಮೂರೂವರೆಗೆ ಸರಿಯಾಗಿ ಬಂದು ನಿಂತರೆ ಗುಂಪಿನ ಸಿಟ್ಟು ಇಳಿಯುತ್ತದೆ. ಎರಡೂವರೆ ತಾಸಿನೊಳಗಿನ ಹಾರಾಟ ಎರಡು ತಾಸು ತಡವಾದರೆ ಉಪಾಹಾರ ಕೊಡಬೇಕು. ಆರು ತಾಸು ಮೀರಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಆಯ್ಕೆ ಪ್ರಯಾಣಿಕನದು. ಸಂದರ್ಶನದಲ್ಲಿ ಇದನ್ನು ಅಭ್ಯರ್ಥಿಯೇ ಎತ್ತಿ ಹೇಳಿದರೆ ಎದುರಿಗಿದ್ದವರು ತಲೆ ಎತ್ತಿ ನೋಡುತ್ತಾರೆ.

ಕೆಲವೊಮ್ಮೆ ಸಂದರ್ಶಕರು ಬೇಕೆಂದೇ ಅಭ್ಯರ್ಥಿಯನ್ನೇ ಕೆಣಕುತ್ತಾರೆ. ಮಾತಿನ ನಡುವೆ ತಡೆಯುತ್ತಾರೆ, ಉತ್ತರ ಮುಗಿದರೂ ಸುಮ್ಮನೆ ನೋಡುತ್ತಾ ಕೂರುತ್ತಾರೆ, "ನಿಮ್ಮ ಇಂಗ್ಲಿಷ್ ಸಾಲದು" ಎನ್ನುತ್ತಾರೆ. ಆಗ ಅವರು ನೋಡುವುದು ದನಿಯನ್ನು, ವೇಗವನ್ನು, ಕೈಗಳನ್ನು. ನಮ್ಮ ಧಾರವಾಡ ಕಡೆಯವರ ಮಾತು ಹುಟ್ಟಿನಿಂದಲೇ ಎತ್ತರದ್ದು, ನೇರವಾದದ್ದು. ಊರಲ್ಲಿ ಅದು ಸಲಿಗೆ. ಅದೇ ಏರುದನಿ ಇಂಗ್ಲಿಷಿಗೋ ಹಿಂದಿಗೋ ಬಂದಾಗ ಹೊರಗಿನವರ ಕಿವಿಗೆ ಗದರಿಕೆಯಂತೆ ಕೇಳುತ್ತದೆ. ಒಂದೇ ಉತ್ತರವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿಕೊಂಡರೆ ಯಾವ ಪದದಲ್ಲಿ ದನಿ ಏರುತ್ತದೆ ಎಂದು ತಾನೇ ತಿಳಿಯುತ್ತದೆ. ಇಂಗ್ಲಿಷ್ ಪ್ರಕಟಣೆಯನ್ನು ಎಡವದೆ, ನಿಧಾನವಾಗಿ, ಸಮಯ ಮತ್ತು ಗೇಟಿನ ಸಂಖ್ಯೆಯನ್ನು ಬಿಡಿಸಿ ಓದುವಷ್ಟು ಬಂದರೆ ನೆಲದ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ. ಮೊದಲ ಸಲ ವಿಮಾನ ಹತ್ತುವ ಅಜ್ಜ ಅಜ್ಜಿಯರು ಹುಬ್ಬಳ್ಳಿಯಂಥ ನಿಲ್ದಾಣಕ್ಕೆ ಬರುತ್ತಲೇ ಇರುತ್ತಾರೆ. ಅವರಿಗೆ ಅರ್ಥವಾಗುವ ಕನ್ನಡ ಆಡಬಲ್ಲವರು ಅಲ್ಲಿ ಬೇಕೇ ಬೇಕು. ಸ್ವಪರಿಚಯದಲ್ಲಿ ಅದನ್ನು ಮುಚ್ಚಿಡದೆ ಮೊದಲ ಸಾಲಿನಲ್ಲೇ ಹೇಳಬೇಕು.

ಗಗನಸಖಿಯ ಕೆಲಸದಲ್ಲಿ ಈ ಶಾಂತತೆಗೆ ಇನ್ನೊಂದು ತೂಕವಿದೆ. ಪ್ರತಿ 50 ಸೀಟಿಗೆ ಒಬ್ಬ ಸಿಬ್ಬಂದಿ ಎಂಬುದು ನಿಯಮ. 78 ಸೀಟಿನ ಎಟಿಆರ್‌ನಲ್ಲಿ ಇಬ್ಬರೇ ಇರುತ್ತಾರೆ. ವಿಮಾನಗಳಿಗೆ ಪ್ರಮಾಣಪತ್ರ ಕೊಡುವಾಗ ಅರ್ಧ ಬಾಗಿಲುಗಳಿಂದಲೇ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಬೇಕು ಎಂಬ ಪರೀಕ್ಷೆ ಇದೆ. ಊಟದ ತಟ್ಟೆಯ ಜಗಳಕ್ಕೇ ದನಿ ನಡುಗುವವರು ಆ ತೊಂಬತ್ತು ಸೆಕೆಂಡಿನಲ್ಲಿ ಆಜ್ಞೆ ಕೊಡಲಾರರು ಎಂಬ ಲೆಕ್ಕದಿಂದಲೇ ಸಂದರ್ಶಕರು ಕೆಣಕುವುದು.

ಕೊನೆಯದಾಗಿ ದುಡ್ಡಿನ ಮಾತು, ಇದನ್ನು ಮನೆಯ ಹಿರಿಯರೂ ಓದಲಿ. ಏರ್ ಹೋಸ್ಟೆಸ್ ಡಿಪ್ಲೊಮಾ ಇಲ್ಲದಿದ್ದರೆ ಸಂದರ್ಶನಕ್ಕೇ ಕರೆಯುವುದಿಲ್ಲ ಎಂದು ಹೇಳಿ ಲಕ್ಷಗಟ್ಟಲೆ ಶುಲ್ಕ ಕೇಳುವವರಿದ್ದಾರೆ. ಅದು ನಿಜವಲ್ಲ. ಕಾನೂನಿಗೆ ಬೇಕಾದ ಸುರಕ್ಷತಾ ತರಬೇತಿಯನ್ನು ಆಯ್ಕೆಯಾದ ಮೇಲೆ ವಿಮಾನ ಸಂಸ್ಥೆಯೇ ಡಿಜಿಸಿಎ ಒಪ್ಪಿದ ಕ್ರಮದಲ್ಲಿ ಕೊಡುತ್ತದೆ. ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ಕೆಲಸ ಖಾಲಿ ಇದೆ, ನೋಂದಣಿಗೆ ಇಷ್ಟು, ಸಮವಸ್ತ್ರಕ್ಕೆ ಇಷ್ಟು, ಗೇಟ್ ಪಾಸಿಗೆ ಇಷ್ಟು ಕಳಿಸಿ ಎಂದು ಫೋನಿನಲ್ಲಿ ಬರುವ ಸಂದೇಶಗಳು ಮೋಸದವು. ನಿಲ್ದಾಣದ ಪ್ರವೇಶ ಪತ್ರ ಸಿಗುವುದು ನೌಕರಿ ಆದ ಮೇಲೆ, ಪೊಲೀಸ್ ಪರಿಶೀಲನೆ ಮುಗಿದ ಮೇಲೆ, ಕೆಲಸ ಕೊಟ್ಟ ಸಂಸ್ಥೆಯ ಅರ್ಜಿಯ ಮೇಲೆ. ಅದನ್ನು ಯಾರೂ ಮುಂಗಡವಾಗಿ ಮಾರಲಾರರು. ತರಬೇತಿಯ ಬಾಂಡ್ ಇದ್ದರೆ ಎಷ್ಟು ವರ್ಷ, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು ಎಂದು ಓದಿ ಸಹಿ ಮಾಡಿ. ಪ್ರಕಟಣೆಯನ್ನು ವಿಮಾನ ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಅಲ್ಲಿ ಇಲ್ಲದ ನೌಕರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.